ಚಾಕು ಹಿಡಿಯುವುದು: ಹಿಡಿಯಲ್ಲೋ, ಅಲಗಿನ ಬುಡದಲ್ಲೋ?

ಸಾಮಾನ್ಯವಾಗಿ ನಾವು ಚಾಕುವಿನ ಹಿಡಿಗೆ ಎಲ್ಲಾ ಬೆರಳು ಸುತ್ತಿ ಹಿಡಿಯುತ್ತೇವೆ. ಇನ್ನೊಂದು ರೀತಿಯಲ್ಲಿ ಹೆಬ್ಬೆರಳು, ತೋರುಬೆರಳು ಅಲಗಿನ ಬುಡವನ್ನೇ ಎರಡೂ ಬದಿಯಿಂದ ಒತ್ತಿ ಹಿಡಿಯುತ್ತವೆ. ಉಳಿದ ಮೂರು ಬೆರಳು ಮಾತ್ರ ಹಿಡಿಯ ಮೇಲಿರುತ್ತವೆ.

ಆಲೂಗಡ್ಡೆ, ಕ್ಯಾರೆಟ್‌ನಂಥ ಗಟ್ಟಿ ತರಕಾರಿಗೆ ಎರಡನೆಯದೇ ಒಳ್ಳೆಯದು. ಹಿಡಿಯನ್ನಷ್ಟೇ ಹಿಡಿದು ಜೋರಾಗಿ ಒತ್ತಿದರೆ ಅಲಗು ಪಕ್ಕಕ್ಕೆ ವಾಲುತ್ತದೆ. ಬಿಲ್ಲೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಬರುತ್ತಿದ್ದರೆ ಹೀಗೇ ಆಗುತ್ತಿದೆ ಎಂದು ತಿಳಿಯಿರಿ. ಅಂಗೈಯಷ್ಟು ಪುಟ್ಟ ಚಾಕುವಾದರೆ ಬುಡದಲ್ಲಿ ಬೆರಳಿಗೆ ಜಾಗವಿರಲ್ಲ, ಅಲ್ಲಿ ಮೊದಲ ರೀತಿಯೇ ಸರಿ.

ಆದರೆ ತರಕಾರಿ ಉರುಳಿದರೆ ಯಾವ ಹಿಡಿತವೂ ಕಾಪಾಡಲ್ಲ. ಪಲ್ಯಕ್ಕಾದರೆ ಆಲೂಗಡ್ಡೆಯನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಚಪ್ಪಟೆ ಮುಖ ಮಣೆಗೆ ತಾಗುವಂತೆ ಮಲಗಿಸಿ. ಬಜ್ಜಿಗೆ ದುಂಡು ಬಿಲ್ಲೆಯೇ ಬೇಕಲ್ವಾ? ಆಗ ಒಂದು ಪಕ್ಕದಿಂದ ತೆಳುವಾಗಿ ಸೀಳಿ ತೆಗೆದು, ಆ ಬದಿಯ ಮೇಲೆ ಕೂರಿಸಿ. ಕ್ಯಾರೆಟ್ಟನ್ನು ಮೊದಲು ಬೆರಳುದ್ದದ ತುಂಡು ಮಾಡಿಕೊಂಡು ಹಾಗೇ ಮಾಡಿ.

ತರಕಾರಿ ಹಿಡಿದ ಕೈಯ ಬೆರಳ ತುದಿಗಳು ಒಳಕ್ಕೆ ಮಡಚಿರಲಿ, ಹೆಬ್ಬೆರಳು ಅವುಗಳ ಹಿಂದೆ ಇರಲಿ. ಅಲಗಿನ ಪಕ್ಕ ಬೆರಳ ಗೆಣ್ಣಿಗೆ ಒರಗಿಕೊಂಡೇ ಇಳಿಯಬೇಕು. ಅಲಗಿನ ಅಂಚನ್ನು ಗೆಣ್ಣಿಗಿಂತ ಮೇಲೆ ಎತ್ತಬೇಡಿ.