ಕಾರಿನ ರಿಮೋಟ್ ಕೀ: ಮೂರು ಸೆಲ್, ಎರಡು ರಿಪೇರಿ

ಕಳೆದ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸುರತ್ಕಲ್‌ನ ನಮ್ಮ ಮನೆಯ ಕಾರಿನ ರಿಮೋಟ್ ತೊಂದರೆ ಕೊಡತೊಡಗಿತು. ಅಂಗಳದ ಆಚೆ ಬದಿಯಿಂದಲೇ ಬಾಗಿಲು ತೆರೆಯುತ್ತಿದ್ದ ಕೀ, ಕ್ರಮೇಣ ಕಾರಿನ ಪಕ್ಕದಲ್ಲಿ ನಿಂತು ಒತ್ತಿದರೆ ಮಾತ್ರ ಕೆಲಸ ಮಾಡುವಂತಾಯಿತು. ಹೀಗೆ ದೂರ ಕಡಿಮೆಯಾಗುತ್ತಾ ಬಂದರೆ ಮೊದಲು ಸೆಲ್ ಅನ್ನೇ ಅನುಮಾನಿಸಬೇಕು. ಒಳಗಿದ್ದದ್ದು ಸಿಆರ್2032, ಅಂದರೆ 20 ಮಿ.ಮೀ. ಅಗಲ ಮತ್ತು 3.2 ಮಿ.ಮೀ. ದಪ್ಪದ 3 ವೋಲ್ಟ್ ಬಟನ್ ಸೆಲ್. ಅದರ ಜಾಗಕ್ಕೆ ಮೂರು ಬಗೆಯ ಸೆಲ್‌ಗಳನ್ನು ಹಾಕಿ ನೋಡಿದೆ.

ಮೊದಲನೆಯದು ಅಂಗಡಿಯಲ್ಲಿ ಬಿಡಿಯಾಗಿ ಸಿಕ್ಕ ಅಗ್ಗದ ಸೆಲ್. ಮೀಟರ್ ಇಟ್ಟಾಗ 3.1 ವೋಲ್ಟ್ ತೋರಿಸಿದ್ದರಿಂದ ಒಳ್ಳೆಯದೆಂದೇ ಭಾವಿಸಿದೆ, ಆದರೆ ಸುಮ್ಮನಿರುವ ಸೆಲ್‌ನ ವೋಲ್ಟೇಜನ್ನು ನಂಬಬಾರದು. ರಿಮೋಟ್ ಸಿಗ್ನಲ್ ಕಳಿಸುವ ಕ್ಷಣದಲ್ಲಿ ಸೆಲ್‌ನಿಂದ ಹೆಚ್ಚು ಕರೆಂಟ್ ಎಳೆಯುತ್ತದೆ. ಸೆಲ್ ಹಳೆಯದಾಗಿದ್ದರೆ ಅದರ ಒಳಗಿನ ರೋಧ ಏರಿರುವುದರಿಂದ ಆ ಕ್ಷಣದಲ್ಲೇ ವೋಲ್ಟೇಜ್ ಕುಸಿಯುತ್ತದೆ. ಸೆಲ್‌ನ ಎರಡೂ ಬದಿಗೆ 100 ಓಮ್‌ನ ರೆಸಿಸ್ಟರ್ ಅನ್ನು ಒಂದೆರಡು ಸೆಕೆಂಡ್ ಮಾತ್ರ ತಾಗಿಸಿ ಮೀಟರ್ ನೋಡಿದರೆ ನಿಜ ತಿಳಿಯುತ್ತದೆ. ಈ ಸೆಲ್ 2.2ಕ್ಕೆ ಇಳಿಯಿತು.

ಎರಡನೆಯದು ಸೀಲ್ ಮಾಡಿದ ಪ್ಯಾಕೆಟ್‌ನ ದುಬಾರಿ ಸೆಲ್. ಅದೇ ಪರೀಕ್ಷೆಯಲ್ಲಿ ಅದು 2.8ರ ಆಸುಪಾಸಿನಲ್ಲಿ ನಿಂತಿತು. ಆದರೂ ಕೀಯಲ್ಲಿ ಹಾಕಿದಾಗ ಒಮ್ಮೆ ಕೆಲಸ ಮಾಡಿ ಮತ್ತೊಮ್ಮೆ ಸುಮ್ಮನಾಗುತ್ತಿತ್ತು. ಮಕ್ಕಳು ಬಾಯಿಗೆ ಹಾಕಿಕೊಂಡರೆ ಉಗುಳಲೆಂದು ಇಂಥ ಕೆಲವು ಸೆಲ್‌ಗಳಿಗೆ ಕಹಿ ಲೇಪ ಬಳಿದಿರುತ್ತಾರೆ. ಆ ಲೇಪ ಕೀಯ ಒಳಗಿನ ತಗಡಿನ ಪಟ್ಟಿ ತಾಗುವ ಜಾಗಕ್ಕೇ ಬಂದರೆ ಸಂಪರ್ಕಕ್ಕೆ ಅಡ್ಡವಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಸೆಲ್ ಒರೆಸಿ, ಬೆವರು ಮತ್ತು ಕಡಲಗಾಳಿಯಿಂದ ಹಸಿರುಗಟ್ಟಿದ್ದ ಪಟ್ಟಿಯನ್ನೂ ಉಜ್ಜಿದ ಮೇಲೆ ರಿಮೋಟ್‌ನ ದೂರ ಮೊದಲಿನಂತಾಯಿತು.

ಮೂರನೆಯದು ಸಿಆರ್2025. ಅಗಲವೂ ವೋಲ್ಟೇಜೂ ಒಂದೇ ಆದ್ದರಿಂದ ನಡೆಯುತ್ತದೆ ಎಂದು ಅಂಗಡಿಯವರು ಕೊಟ್ಟರು. ಆದರೆ ದಪ್ಪ 0.7 ಮಿ.ಮೀ. ಕಡಿಮೆ, ಕೀಯನ್ನು ಬಿಗಿಯಾಗಿ ಹಿಡಿದರೆ ಮಾತ್ರ ಸಂಪರ್ಕ ಸಿಗುತ್ತಿತ್ತು. ಬೇರೇನೂ ಸಿಗದ ದಿನದ ಮಟ್ಟಿಗೆ ಸಾಕು, ಅದಕ್ಕಿಂತ ಹೆಚ್ಚಿಗೆ ನಾನು ಒಪ್ಪಲಾರೆ.

ಹೀಗೆ ಎರಡನೆಯ ಸೆಲ್ ಅನ್ನೇ ಉಳಿಸಿಕೊಂಡೆ. ಆದರೆ ವಾರದೊಳಗೆ ಲಾಕ್ ಗುಂಡಿ ನಿಂತುಹೋಯಿತು. ಅನ್‌ಲಾಕ್ ಒತ್ತಿದರೆ ಕೀಯ ಪುಟ್ಟ ಕೆಂಪು ದೀಪ ಮಿನುಗುತ್ತಿತ್ತು, ಲಾಕ್ ಒತ್ತಿದರೆ ಮಿನುಗುತ್ತಿರಲಿಲ್ಲ. ಒಂದೇ ಸೆಲ್, ಒಂದೇ ಬೋರ್ಡ್‌ನಲ್ಲಿ ಒಂದು ಗುಂಡಿ ಮಾತ್ರ ಕೆಲಸ ಮಾಡುತ್ತಿದೆಯೆಂದರೆ ದೋಷ ಸೆಲ್‌ನಲ್ಲಿಲ್ಲ, ಆ ಗುಂಡಿಯ ಅಡಿಯ ಸ್ವಿಚ್‌ನಲ್ಲಿದೆ. ಎರಡೂ ಗುಂಡಿಗೆ ದೀಪ ಮಿನುಗಿಯೂ ಕಾರು ಕೇಳದಿದ್ದರೆ ಮನೆಯ ಎರಡನೆಯ ಕೀಯಿಂದ ಪ್ರಯತ್ನಿಸಬೇಕು. ಅದೂ ಸೋತರೆ ಕಾರಿನ ಕಡೆಯೇ ನೋಡಬೇಕಾಗುತ್ತದೆ.

ಸರ್ವಿಸ್ ಸೆಂಟರ್‌ನವರು, ಸೆಲ್ ಬದಲಿಸಿದ್ದರಿಂದ ಪ್ರೋಗ್ರಾಮಿಂಗ್ ಹೋಗಿರಬಹುದು, ಹೊಸ ಕೀಯೇ ಬೇಕು ಎಂದರು. ಹೇಳಿದ ಬೆಲೆ ಸಾವಿರಗಳಲ್ಲಿತ್ತು. ಸಾಮಾನ್ಯವಾಗಿ ರಿಮೋಟ್‌ನ ಕೋಡ್ ಸೆಲ್ ತೆಗೆದರೂ ಅಳಿಯದ ಮೆಮೊರಿಯಲ್ಲಿರುತ್ತದೆ, ಮೇಲಾಗಿ ನಮ್ಮ ಕೀಯ ಅನ್‌ಲಾಕ್ ಕೆಲಸ ಮಾಡುತ್ತಲೇ ಇತ್ತು. ಹಾಗಾಗಿ ಹಂಪನಕಟ್ಟೆಯ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಹಳೆಯ ಸ್ವಿಚ್ ಕಿತ್ತು, ಅದೇ ಅಳತೆಯದನ್ನು ಬೆಸುಗೆ ಹಾಕಿ, 200 ರೂಪಾಯಿ ತೆಗೆದುಕೊಂಡ. ರಬ್ಬರ್ ಹರಿದಿದ್ದ ಹೊರಕವಚವನ್ನೂ ಬದಲಿಸಿಕೊಟ್ಟ.

ಬಾಗಿಲುಗಳು ಚೆನ್ನಾಗಿ ಲಾಕ್ ಆಗುತ್ತಿದ್ದವು, ಆದರೆ ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಕಳವು ತಡೆಯುವ ಚಿಪ್ ನಮ್ಮ ಕೀಯಲ್ಲಿ ಬೋರ್ಡ್ ಮೇಲಿರದೆ ಕವಚದ ಗೂಡಿನಲ್ಲಿರುತ್ತದೆ. ಅದಕ್ಕೆ ಸೆಲ್‌ನ ಹಂಗಿಲ್ಲ, ಆದರೆ ಅದಿಲ್ಲದೆ ಕಾರು ಕೀಯನ್ನು ಗುರುತಿಸುವುದಿಲ್ಲ. ಹಳೆಯ ಕವಚವನ್ನು ಎಸೆಯದೆ ಜೇಬಿನಲ್ಲಿಟ್ಟುಕೊಂಡಿದ್ದೆ. ಅದರ ಮೂಲೆಯಲ್ಲಿ ಅಂಟಿಕೊಂಡಿದ್ದ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ತುಂಡನ್ನು ಪಿನ್ನಿನಿಂದ ಎಬ್ಬಿಸಿ, ಹೊಸ ಕವಚದ ಅದೇ ಗೂಡಿನಲ್ಲಿ ಕೂರಿಸಿದ ಕೂಡಲೇ ಎಂಜಿನ್ ಸ್ಟಾರ್ಟ್ ಆಯಿತು.