ನಾಲ್ಕು ಇಮೇಲ್‌ಗೆ ನಾಲ್ಕು ವಿಷಯ: ಹಬ್‌ಸ್ಪಾಟ್ ‘ಸೀಕ್ವೆನ್ಸಸ್’ ಸೌಲಭ್ಯದ ದೀರ್ಘಕಾಲದ ಬಳಕೆ

ಕಾರ್ಖಾನೆಗಳ ಕಂಪ್ರೆಸರ್ ಗಾಳಿಯ ಸೋರಿಕೆಯನ್ನು ಪತ್ತೆಹಚ್ಚಿಕೊಡುವ ಪೀಣ್ಯದ ಸಣ್ಣ ಸಂಸ್ಥೆಯೊಂದರಲ್ಲಿ ಮಾರಾಟದ ಹೊಣೆ ನನ್ನದು. ಪರಿಚಯವಿಲ್ಲದ ಮೇಂಟೆನೆನ್ಸ್ ಮ್ಯಾನೇಜರ್‌ಗಳಿಗೆ ಬರೆಯಲು ಹಬ್‌ಸ್ಪಾಟ್ ಎಂಬ ಮಾರಾಟದ ತಂತ್ರಾಂಶದ ‘ಸೀಕ್ವೆನ್ಸಸ್’ ಸೌಲಭ್ಯವನ್ನು ಬಹುಕಾಲದಿಂದ ಬಳಸುತ್ತಿದ್ದೇನೆ. ಇಮೇಲ್‌ಗಳನ್ನು ಮೊದಲೇ ಬರೆದು ಅವುಗಳ ನಡುವಿನ ಅಂತರವನ್ನು ಗೊತ್ತುಮಾಡಿದರೆ, ಅವು ನಮ್ಮದೇ ಮೇಲ್‌ಬಾಕ್ಸ್‌ನಿಂದ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಹೋಗುತ್ತವೆ. ಉತ್ತರ ಬಂದರೆ ಅಥವಾ ಭೇಟಿ ನಿಗದಿಯಾದರೆ ಉಳಿದವು ನಿಲ್ಲುತ್ತವೆ. ಈ ಕೆಲಸವನ್ನು ಅದು ನಂಬಿಕೆಗೆ ತಕ್ಕಂತೆ ಮಾಡುತ್ತದೆ. ಆದರೆ ಪ್ರತಿ ಇಮೇಲ್‌ನಲ್ಲಿ ಏನು ಹೇಳಬೇಕೆಂಬುದನ್ನು ಯಾವ ತಂತ್ರಾಂಶವೂ ಹೇಳಿಕೊಡುವುದಿಲ್ಲ. ಎರಡನೆಯದರಿಂದಾಚೆಗೆ ‘ಹಿಂದಿನ ಇಮೇಲ್ ನೋಡಿದಿರಾ ಎಂದು ವಿಚಾರಿಸಲು ಬರೆಯುತ್ತಿದ್ದೇನೆ’ ಎಂದಷ್ಟೇ ಬರೆದರೆ, ಓದುವವರಿಗೆ ಅದರಲ್ಲಿ ತಿಳಿಯಬೇಕಾದದ್ದು ಏನೂ ಇರುವುದಿಲ್ಲ.

ಆದ್ದರಿಂದ ಇಮೇಲ್ ಬರೆಯುವ ಮೊದಲು ನಾಲ್ಕು ಸಾಲು ಬರೆದುಕೊಳ್ಳುತ್ತೇನೆ: ಯಾವ ಇಮೇಲ್‌ನಲ್ಲಿ ಓದುಗನಿಗೆ ಸಿಗುವ ಹೊಸ ಸಂಗತಿ ಯಾವುದು? ಎರಡು ಸಾಲುಗಳನ್ನು ಅದಲುಬದಲು ಮಾಡಿದರೂ ಏನೂ ಕೆಡದಿದ್ದರೆ ಅವೆರಡೂ ಒಂದೇ ವಿಷಯ ಎಂದು ತಿಳಿದು, ಒಂದನ್ನು ಬಿಟ್ಟು ಬೇರೆ ಹುಡುಕುತ್ತೇನೆ.

ನಮ್ಮ ಸರಣಿಯ ಮೊದಲ ಇಮೇಲ್ ಸಮಸ್ಯೆಯನ್ನು ಮಾತ್ರ ಹೇಳುತ್ತದೆ. ಸರಿಯಾಗಿ ನಿರ್ವಹಿಸದ ಕಾರ್ಖಾನೆಯಲ್ಲಿ ಕಂಪ್ರೆಸರ್ ಉತ್ಪಾದಿಸುವ ಗಾಳಿಯ ಶೇ. 20ರಿಂದ 30ರಷ್ಟು ಸೋರಿಕೆಯಲ್ಲೇ ಹೋಗುವುದು ಸಾಮಾನ್ಯ ಎಂದು ತಿಳಿಸಿ, ಕೊನೆಯ ಪಾಳಿ ಮುಗಿದ ಮೇಲೂ ನಿಮ್ಮ ಕಂಪ್ರೆಸರ್ ಆಗಾಗ ಲೋಡ್ ಆಗುತ್ತದೆಯೇ, ಅಂದರೆ ಗಾಳಿ ತುಂಬಲು ತೊಡಗುತ್ತದೆಯೇ ಎಂಬ ಒಂದೇ ಪ್ರಶ್ನೆ ಕೇಳುತ್ತೇವೆ.

ಮೂರು ದಿನ ಬಿಟ್ಟು ಹೋಗುವ ಎರಡನೆಯದು ನನ್ನ ಮಟ್ಟಿಗೆ ಇಡೀ ಸರಣಿಯ ಜೀವಾಳ, ಏಕೆಂದರೆ ಅದು ನಮ್ಮನ್ನು ಕರೆಯದೆಯೇ ಮಾಡಬಹುದಾದ ಪರೀಕ್ಷೆಯನ್ನು ಕೊಡುತ್ತದೆ. ಗಾಳಿ ಬಳಸುವ ಯಂತ್ರಗಳನ್ನೆಲ್ಲ ನಿಲ್ಲಿಸಿದ ದಿನ ಕಂಪ್ರೆಸರನ್ನು ಮಾತ್ರ ಚಾಲೂ ಮಾಡಿ, ಅದು ಎಷ್ಟು ಹೊತ್ತು ಲೋಡ್‌ನಲ್ಲಿ, ಎಷ್ಟು ಹೊತ್ತು ಗಾಳಿ ತುಂಬದೆ ಸುಮ್ಮನೆ ಓಡುತ್ತ ಅನ್‌ಲೋಡ್‌ನಲ್ಲಿ ಇರುತ್ತದೆಂದು ಕೆಲವು ಸುತ್ತು ಗಡಿಯಾರ ಹಿಡಿದು ಅಳೆಯಬೇಕು. ಲೋಡ್ ಸಮಯವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸೋರಿಕೆಯ ಪಾಲು ಸಿಗುತ್ತದೆ. 2 ನಿಮಿಷ ಲೋಡ್, 6 ನಿಮಿಷ ಅನ್‌ಲೋಡ್ ಆದರೆ ಶೇ. 25. ಇದು ಮೊದಲ ಪ್ರಶ್ನೆಗೇ ಮುಂದುವರಿಕೆಯಾದ್ದರಿಂದ ಅದೇ ಇಮೇಲ್‌ನ ಎಳೆಯಲ್ಲಿ ಉತ್ತರದಂತೆ ಹೋಗಲಿ ಎಂದು ಆಯ್ಕೆ ಮಾಡುತ್ತೇನೆ.

ಮೂರನೆಯದಕ್ಕೆ ಮಾತ್ರ ಹೊಸ ವಿಷಯಸಾಲು ಕೊಡುತ್ತೇನೆ, ಏಕೆಂದರೆ ಅದನ್ನು ಮ್ಯಾನೇಜರ್ ತಮ್ಮ ಮಾಲೀಕರಿಗೋ ಲೆಕ್ಕಪತ್ರದವರಿಗೋ ಕಳಿಸುವಂತಿರಬೇಕು. ಅದರಲ್ಲಿರುವುದು ಹಣದ ಲೆಕ್ಕ: 37 ಕಿಲೋವ್ಯಾಟ್‌ನ ಕಂಪ್ರೆಸರ್, ಶೇ. 25 ಸೋರಿಕೆ, ದಿನಕ್ಕೆ 16 ಗಂಟೆಯಂತೆ ವರ್ಷಕ್ಕೆ 300 ದಿನ ಎಂದರೆ 44,400 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ಸುಮಾರು ಮೂರೂವರೆ ಲಕ್ಷ. ಅನ್‌ಲೋಡ್‌ನಲ್ಲಿ ಸುಡುವ ವಿದ್ಯುತ್ತನ್ನು ಇಲ್ಲಿ ಸೇರಿಸಿಲ್ಲ ಎಂಬುದನ್ನೂ ಬರೆಯುತ್ತೇವೆ. ಇಂಜಿನಿಯರ್‌ಗಳು ಇಂಥ ಲೆಕ್ಕವನ್ನು ಪರೀಕ್ಷಿಸದೆ ಬಿಡುವುದಿಲ್ಲ.

ಇದಾದ ಒಂದು ವಾರದ ಮೇಲೆ ನಾಲ್ಕನೆಯದು. ಇದನ್ನು ತಾನಾಗಿ ಹೋಗಲು ಬಿಡದೆ, ನಾನೇ ಓದಿ ಕಳಿಸುವ ಹಂತವಾಗಿ ಇಟ್ಟಿದ್ದೇನೆ. ಆ ಸೌಲಭ್ಯವೂ ಇದೆ. ಈ ವಿಷಯ ನಿಮ್ಮ ಸಂಸ್ಥೆಯಲ್ಲಿ ಬೇರೆ ಯಾರ ಹೊಣೆಯಾದರೂ ಆಗಿದೆಯೇ, ಅಥವಾ ವಾರ್ಷಿಕ ಶಟ್‌ಡೌನ್ ಹೊತ್ತಿಗೆ ಮಾತಾಡುವುದು ಅನುಕೂಲವೇ ಎಂದು ಕೇಳಿ, ಇನ್ನು ಬರೆಯುವುದಿಲ್ಲವೆಂದು ತಿಳಿಸುತ್ತೇವೆ. ‘ಬೇಡ’ ಎಂಬ ಒಂದು ಪದದ ಉತ್ತರಕ್ಕೂ ಇಲ್ಲಿ ಜಾಗವಿರಬೇಕು.

ಕೊಳ್ಳುವವರು ತಿಳಿದಿರಬೇಕಾದ ಮಿತಿಗಳೂ ಇವೆ. ಗ್ರಾಹಕರು ಫೋನ್‌ನಲ್ಲೋ ವಾಟ್ಸಾಪ್‌ನಲ್ಲೋ ಉತ್ತರಿಸಿದರೆ ಸರಣಿಗೆ ಅದು ತಿಳಿಯದು. ಅಂದೇ ಕೈಯಾರೆ ನಿಲ್ಲಿಸಬೇಕು. ‘ತೆರೆದಿದ್ದಾರೆ’ ಎಂದು ಅದು ತೋರಿಸುವುದನ್ನು ನೆಚ್ಚುವಂತಿಲ್ಲ, ಏಕೆಂದರೆ ಇಮೇಲ್‌ನಲ್ಲಿರುವ ಚಿತ್ರ ಇಳಿದದ್ದನ್ನೇ ಅದು ತೆರೆದಂತೆ ಎಣಿಸುತ್ತದೆ; 2021ರಲ್ಲಿ ಬಂದ ಆಪಲ್ ಮೇಲ್‌ನ ಗೋಪ್ಯತೆಯ ವ್ಯವಸ್ಥೆಯು ಓದುಗರು ನೋಡದಿದ್ದರೂ ಇಮೇಲ್‌ನ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತದೆ. ನಾನು ನೋಡುವುದು ಯಾವ ಇಮೇಲ್‌ಗೆ ಉತ್ತರ ಬಂತು, ಅದರಲ್ಲಿ ಏನಿದೆ ಎಂಬುದನ್ನು. ಎರಡನೆಯದಕ್ಕೆ ‘ಅಳೆದೆವು, ಇಷ್ಟು ಬಂತು’ ಎಂಬ ಬಗೆಯ ಉತ್ತರ ಬಂದರೆ ಆ ವಿಷಯ ಅವರಿಗೆ ನಾಟಿದೆ ಎಂದರ್ಥ. ಎಲ್ಲ ಉತ್ತರಗಳೂ ನಾಲ್ಕನೆಯದಕ್ಕೇ ಬರುತ್ತಿದ್ದರೆ ನಡುವಿನ ಎರಡನ್ನು ಮತ್ತೆ ಬರೆಯಬೇಕು.

ಈ ಸೌಲಭ್ಯ ಪ್ರೊಫೆಷನಲ್ ಮತ್ತು ಅದಕ್ಕೂ ಮೇಲಿನ ಯೋಜನೆಗಳಲ್ಲಿ ಮಾತ್ರ ಸಿಗುತ್ತದೆ. ತಿಂಗಳಿಗೆ ಬೆರಳೆಣಿಕೆಯ ಜನರಿಗೆ ಬರೆಯುವವರು ಇದೇ ನಾಲ್ಕು ಸಾಲಿನ ಯೋಜನೆಯನ್ನು ಜಿಮೇಲ್‌ನ ಸಮಯ ನಿಗದಿಪಡಿಸಿ ಕಳಿಸುವ ಸೌಲಭ್ಯದಲ್ಲಿ ನಡೆಸಬಹುದು; ಉತ್ತರ ಬಂದಾಗ ಉಳಿದವನ್ನು ತಾವೇ ರದ್ದು ಮಾಡಬೇಕು, ಅಷ್ಟೇ.