ಒಂದೇ ಪಿಪಿಟಿ, ನಾಲ್ಕು ದಾರಿ: ಕೊನೆಗೆ ಉಳಿದದ್ದೇನು?

ತರಬೇತಿ ಮುಗಿದ ಮರುದಿನ ನಮ್ಮ ವಾಟ್ಸಾಪ್ ಗುಂಪಿಗೆ 22 ಫೋಟೋ ಬಂದವು. ಮಕ್ಕಳ ಹಾಜರಾತಿಯ ಬಗ್ಗೆ ಇದ್ದ ಸ್ಲೈಡುಗಳು. ನಾನು ಸಿಂಧನೂರು ತಾಲೂಕಿನ ಒಂದು ಹೈಸ್ಕೂಲಿನ ಮೇಷ್ಟ್ರು. ನನ್ನ ಜೊತೆ ಕೆಲಸ ಮಾಡುವ ಒಬ್ಬ ಸರ್‌ಗೆ ಕಣ್ಣು ಕಾಣುವುದಿಲ್ಲ, ಲ್ಯಾಪ್‌ಟಾಪಿನಲ್ಲಿ ಪರದೆ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿಕೊಂಡು ಓದುತ್ತಾರೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವರೇ ಹೇಳಿದರು: "ಏನ್ರೀ ಸರ, ಇಪ್ಪತ್ತೆರಡು ಸಲ 'ಗ್ರಾಫಿಕ್' ಅಂತು, ಸುಮ್ನಾತು."

ಕಣ್ಣಿದ್ದ ನನಗೂ ಹೆಚ್ಚೇನೂ ದಕ್ಕಿರಲಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ನಮ್ಮ ಕಡೆ ತರಗತಿ ಖಾಲಿಯಾಗುತ್ತದೆ. ಹಾಜರಾತಿ ಚಾರ್ಟಿನಲ್ಲಿ ನವೆಂಬರಿನ ಕಂಬ 30 ಮತ್ತು 40ರ ನಡುವೆ ಎಲ್ಲೋ ನಿಂತಿತ್ತು. 34 ಇರಬಹುದಾ, 36 ಇರಬಹುದಾ? ಜೂಮ್ ಮಾಡಿದಷ್ಟೂ ಮಸುಕು. ಪವರ್‌ಪಾಯಿಂಟ್ ಒಂದು ಸ್ಲೈಡನ್ನು ಚಿತ್ರ ಮಾಡುವಾಗ ಸಾಮಾನ್ಯವಾಗಿ 1280 x 720 ಪಿಕ್ಸೆಲ್‌ಗೆ ಇಳಿಸುತ್ತದೆ. ವಾಟ್ಸಾಪ್ ಅದನ್ನು ಮತ್ತೆ ಹಿಂಡುತ್ತದೆ.

ತರಬೇತಿ ಕೊಟ್ಟವರಿಗೆ ಫೋನ್ ಮಾಡಿ ಮೂಲ ಫೈಲ್ ಕೇಳಿದೆ. "ಫಾಂಟ್ ಕೆಡ್ತದ್ರಿ, ಅದಕ್ಕೆ ಫೋಟೋ ಮಾಡಿ ಹಾಕಿದ್ವಿ" ಅಂದರು. ಅವರ ಮಾತಿನಲ್ಲೂ ಸತ್ಯ ಇತ್ತು, ಅದು ಆಮೇಲೆ ಗೊತ್ತಾಯಿತು. ಫೈಲ್ ಬಂದ ಮೇಲೆ ಅದನ್ನೇ ಬೇರೆ ಬೇರೆ ರೀತಿಯಲ್ಲಿ ಉಳಿಸಿ, ಒಂದೊಂದನ್ನೂ ಸರ್ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆವು.

ಚಿತ್ರದ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಸ್ಲೈಡಿನ ಕೆಳಗೆ ಬರೆದುಕೊಂಡಿದ್ದ ನೋಟ್ಸ್ ಹೋಯಿತು, ಟೇಬಲ್ ಹೋಯಿತು, ಚಾರ್ಟಿನ ಅಂಕಿ ಹೋಯಿತು. ಚಿತ್ರವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ಸುಮಾರಾಗಿ ವಾಪಸ್ ಬರುತ್ತದೆ. ಆದರೆ ಟೇಬಲ್ಲಿನ ಸಾಲುಗಳು ಕಲಸಿಹೋಗಿದ್ದವು, ಕಂಬಗಳು ಅಂಕಿ ಆಗಲಿಲ್ಲ. ಇದರಲ್ಲೇ ಇನ್ನೊಂದು ಮೋಸದ ರೂಪ ಇದೆ, `PowerPoint Picture Presentation`. ಹೆಸರಿನ ಕೊನೆಗೆ `.pptx` ಅಂತಲೇ ಇರುತ್ತದೆ, ಒಳಗೆ ಪ್ರತಿ ಸ್ಲೈಡೂ ಒಂದು ಚಿತ್ರ. ಯಾವುದಾದರೂ ಪದದ ಮೇಲೆ ಕ್ಲಿಕ್ ಮಾಡಿ ನೋಡಿ. ಕರ್ಸರ್ ಕೂರುವ ಬದಲು ಇಡೀ ಸ್ಲೈಡೇ ಒಂದು ಚೌಕವಾಗಿ ಹಿಡಿಗೆ ಬಂದರೆ ಅದು ಇದೇ.

ಪಿಡಿಎಫ್ ವಿಷಯಕ್ಕೆ ಸ್ವಲ್ಪ ಹೊತ್ತು ಬೇಕು. ಪಿಡಿಎಫ್ ಅಂದರೆ ಒಂದೇ ಅಂದುಕೊಂಡಿದ್ದೆ, ಎರಡು ಥರ ಇದೆ. ಪ್ರಿಂಟ್‌ಗೆ ಹೋಗಿ `Microsoft Print to PDF` ಆರಿಸಿದರೆ ಕಾಗದಕ್ಕೆ ಹೋಗಬೇಕಾದ ಪುಟವೇ ಫೈಲಿಗೆ ಬರುತ್ತದೆ. ಯಾವುದು ಶೀರ್ಷಿಕೆ, ಯಾವುದು ಟೇಬಲ್ಲಿನ ಮನೆ ಎಂಬ ಗುರುತು ಅದರಲ್ಲಿರುವುದಿಲ್ಲ. ಸರ್ ಯಂತ್ರ ಟೇಬಲ್ಲನ್ನು "ಜೂನ್ 46 41 ಜುಲೈ 46 42" ಅಂತ ಒಂದೇ ಉಸಿರಿಗೆ ಓದಿತು. ದಾಖಲಾದವರು ಎಷ್ಟು, ಬಂದವರು ಎಷ್ಟು, ನೀವೇ ಲೆಕ್ಕ ಹಿಡಿಯಬೇಕು.

`Save As` ಮಾಡಿ ಪಿಡಿಎಫ್ ಆರಿಸಿ, `Options` ಒಳಗೆ `Document structure tags for accessibility` ಟಿಕ್ ಇರುವುದನ್ನು ನೋಡಿಕೊಂಡು ಉಳಿಸಿದಾಗ ಅದೇ ಟೇಬಲ್ ಟೇಬಲ್ಲಾಗಿಯೇ ಬಂತು. `Ctrl+Alt` ಹಿಡಿದು ಬಾಣದ ಕೀಲಿ ಒತ್ತಿದರೆ ಸರ್ ಒಂದೊಂದು ಮನೆಗೂ ಹೋಗಬಹುದಿತ್ತು. ಚಾರ್ಟಿನಲ್ಲಿ ಏನಿದೆ ಅಂತ ಮಾತಿನಲ್ಲಿ ಬರೆದಿದ್ದ `Alt Text` ಕೂಡ ಉಳಿಯಿತು, ಪ್ರಿಂಟ್ ಮಾಡಿದ್ದರಲ್ಲಿ ಅದು ಇರಲಿಲ್ಲ. ಆದರೆ ಚಾರ್ಟ್ ಇಲ್ಲೂ ಬರೀ ಗೆರೆ, ಬಣ್ಣ. ಕಂಬದ ಮೇಲೆ ಅಂಕಿ ಬರೆದಿದ್ದರೆ ಅದು ಬರುತ್ತದೆ, ಬರೆದಿಲ್ಲದಿದ್ದರೆ ಇಲ್ಲ.

ನೋಟ್ಸ್? ಎರಡರಲ್ಲೂ ಇಲ್ಲ! `Options` ಒಳಗೆ `Publish what` ಎಂಬಲ್ಲಿ `Slides` ಬದಲು `Notes pages` ಆರಿಸಬೇಕು. ಆಗ ಪುಟದ ಮೇಲರ್ಧ ಸ್ಲೈಡು, ಕೆಳಗೆ ನೋಟ್ಸ್. ಹಾಗೆ ಉಳಿಸಿದ ಮೇಲೆ ನವೆಂಬರಿನ ಸ್ಲೈಡಿನ ಕೆಳಗೆ ಈ ಸಾಲು ಸಿಕ್ಕಿತು: "ಈ ತಿಂಗಳು 15 ದಿನದ ಲೆಕ್ಕ ಮಾತ್ರ." ಕಂಬ ಯಾಕೆ ಗಿಡ್ಡ ಅಂತ ನಾವು ಮೂರು ದಿನ ವಾದ ಮಾಡಿದ್ದೇ ಮಾಡಿದ್ದು. ಉತ್ತರ ಯಾರಿಗೂ ಕಾಣದ ಜಾಗದಲ್ಲಿ ಕೂತಿತ್ತು.

ಇನ್ನು ಕನ್ನಡದ ರಗಳೆ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿದೆ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದ ಸ್ಲೈಡಿನಲ್ಲಿ "ಕನ್ನಡ" ಎಂಬ ಪದ ಹೀಗೆ ಬಂತು:

```
PÀ£ÀßqÀ
```

ಅಲ್ಲಿ ಇರುವುದೇ ಇಂಗ್ಲಿಷ್ ಅಕ್ಷರಗಳು, ಅದಕ್ಕೆ ಕನ್ನಡದ ವೇಷ ಹಾಕಿದ್ದು ಫಾಂಟ್ ಅಷ್ಟೇ. ಓದುವ ಯಂತ್ರಕ್ಕೆ ವೇಷ ಕಾಣುವುದಿಲ್ಲ. ಕನ್ನಡವನ್ನು ಕನ್ನಡ ಅಕ್ಷರವಾಗಿಯೇ ಇಟ್ಟುಕೊಳ್ಳುವ ಯೂನಿಕೋಡ್‌ನಲ್ಲಿ ಬರೆದ ಸ್ಲೈಡುಗಳು ಇದಕ್ಕಿಂತ ವಾಸಿ, ಆದರೂ "ವಿದ್ಯಾರ್ಥಿ" ಪದ ಮುರಿದಿತ್ತು. ಕಾರಣ ಇಷ್ಟೇ. ಅರ್ಕಾವತ್ತನ್ನು ನಾವು ಬೆರಳಚ್ಚು ಮಾಡುವಾಗ ರ ಮೊದಲು, ಥ ಆಮೇಲೆ. ಪರದೆಯ ಮೇಲೆ ಅದರ ಗುರುತು ಥಿ ಆದ ಮೇಲೆ ಬರುತ್ತದೆ. ಪಿಡಿಎಫ್ ಮುಖ್ಯವಾಗಿ ಇಟ್ಟುಕೊಳ್ಳುವುದು ಅಕ್ಷರದ ಆಕಾರ, ಅದರ ಜಾಗ. ವಾಪಸ್ ಅಕ್ಷರ ಮಾಡಹೊರಟಾಗ ಕ್ರಮ ತಪ್ಪುತ್ತದೆ. ಅಂಕಿಗಳು, ಒತ್ತಕ್ಷರ ಇಲ್ಲದ ಪದಗಳು ಸರಿಯಾಗಿ ಬಂದವು. ಹಂಚುವ ಮುಂಚೆ `Ctrl+F` ಒತ್ತಿ ಒತ್ತಕ್ಷರವಿರುವ ಒಂದು ಪದ ಹುಡುಕಿ. ಕಣ್ಣೆದುರಿಗೇ ಇರುವ ಪದ ಸಿಗದಿದ್ದರೆ ಆ ಪಿಡಿಎಫ್ ನೋಡಲಿಕ್ಕೆ ಮಾತ್ರ.

ಕೊನೆಗೆ ಮೂಲ `.pptx`. ಸರ್‌ಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಸ್ಲೈಡ್ ಶೋ ಓಡುವಾಗ `Ctrl+Shift+S` ಒತ್ತಿದರೆ ಎನ್‌ವಿಡಿಎ ಸ್ಲೈಡು ಬಿಟ್ಟು ನೋಟ್ಸ್ ಓದುತ್ತದೆ, ಮತ್ತೆ ಒತ್ತಿದರೆ ಸ್ಲೈಡಿಗೆ ವಾಪಸ್. ಯೂನಿಕೋಡ್ ಕನ್ನಡ ಇಲ್ಲಿ ಮುರಿಯಲಿಲ್ಲ, ಬರೆದ ಕ್ರಮದಲ್ಲೇ ಇತ್ತು. ನುಡಿ ಫಾಂಟಿನ ಸ್ಲೈಡುಗಳು ಮಾತ್ರ ಕೈಕೊಟ್ಟವು. ಸರ್ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರಲಿಲ್ಲ, ಪರದೆ ಮೇಲೂ ಅದೇ `PÀ£ÀßqÀ`. ತರಬೇತಿಯವರು ಹೆದರಿದ್ದು ಇದಕ್ಕೇ. ಅದಕ್ಕೆ ಮದ್ದು ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವುದು. ಫೋಟೋ ಮಾಡಿದರೆ ರೋಗ ಮುಚ್ಚಿಟ್ಟ ಹಾಗೆ ಅಲ್ವಾ?

ಹಾಗಂತ ಮೂಲ ಫೈಲ್ ಕೊಟ್ಟರೆ ಎಲ್ಲಾ ಸಿಗುತ್ತದೆ ಅಂತಲೂ ಇಲ್ಲ. ಒಂದು ಚಾರ್ಟನ್ನು ಎಕ್ಸೆಲ್‌ನಿಂದ ಚಿತ್ರವಾಗಿ ಅಂಟಿಸಿದ್ದರು, ಅದು ಇಲ್ಲೂ "ಗ್ರಾಫಿಕ್" ಮಾತ್ರ. ನವೆಂಬರಿನ ಚಾರ್ಟಿನ ಮೇಲೆ `Edit Data` ಒತ್ತಿದಾಗ ಲಿಂಕ್ ಆದ ಫೈಲ್ ಸಿಗುತ್ತಿಲ್ಲ ಅಂತ ಸಂದೇಶ ಬಂತು. ಎಕ್ಸೆಲ್ ಹಾಳೆ ಅವರ ಕಂಪ್ಯೂಟರಿನಲ್ಲೇ ಉಳಿದಿದೆ. ಮುಗೀತು ಅಂದುಕೊಂಡು ಸುಮ್ನೆ ಮೌಸನ್ನು ಕಂಬದ ಮೇಲೆ ಇಟ್ಟೆ. ಚಿಕ್ಕ ಚೌಕದಲ್ಲಿ ಅಂಕಿ ಬಂತು! ಲಿಂಕ್ ಕಡಿದರೂ ಕೊನೆಯ ಸಲದ ಅಂಕಿಗಳನ್ನು ಚಾರ್ಟ್ ತನ್ನೊಳಗೆ ಇಟ್ಟುಕೊಂಡಿರುತ್ತದೆ. ಅಂಟಿಸುವಾಗ `Embed Workbook` ಆರಿಸಿದ್ದರೆ ಹಾಳೆಯೇ ಜೊತೆಗೆ ಬರುತ್ತಿತ್ತು. ಆದರೆ ಆಗ ಪೂರ್ತಿ ಹಾಳೆ ಬರುತ್ತದೆ, ಮಕ್ಕಳ ಹೆಸರಿದ್ದರೆ ಹೆಸರೂ ಬರುತ್ತದೆ. ಹೊರಗೆ ಕಳಿಸುವ ಫೈಲಿಗೆ ಬೇಕಾದ ಅಂಕಿಗಳನ್ನಷ್ಟೇ ಬೇರೆ ಹಾಳೆಗೆ ತೆಗೆದು ಚಾರ್ಟ್ ಮಾಡುವುದು ಒಳ್ಳೆಯದು. ನೋಟ್ಸ್ ಕೂಡ ಒಮ್ಮೆ ಓದಿಕೊಳ್ಳಿ, "ಇಲ್ಲಿ ಹೆಡ್‌ಮಾಸ್ಟರ್ ಬೈತಾರೆ" ಅಂತೆಲ್ಲಾ ಬರೆದುಕೊಂಡಿರುತ್ತೇವೆ.

ಈಗ ನಾವು ಎರಡು ಫೈಲ್ ಕಳಿಸುತ್ತೇವೆ. ಯೂನಿಕೋಡ್‌ಗೆ ತಂದ `.pptx` ಒಂದು. ಮೊಬೈಲಿನಲ್ಲೇ ನೋಡುವವರಿಗೆ ಟ್ಯಾಗ್ ಇರುವ `Notes pages` ಪಿಡಿಎಫ್ ಇನ್ನೊಂದು. ಎರಡನ್ನೂ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಹಾಕುತ್ತೇವೆ. ಚಾರ್ಟಿನ ಕೆಳಗೆ ಅದೇ ಅಂಕಿಗಳ ಚಿಕ್ಕ ಟೇಬಲ್ ಇಡಬೇಕು ಅನ್ನುವುದು ಸರ್ ಹಾಕಿದ ಷರತ್ತು.

ಅಂದಹಾಗೆ ನವೆಂಬರಿನ ಕಂಬ 34. ನಾನು 36 ಅಂತ ವಾದಿಸಿದ್ದೆ, ಒಂದು ಚಹಾ ಸೋತೆ.